ಒಂದೇ ಬಟನ್, ಮೂರು ರಂಗ್, ಆರು ಕ್ರಮ: ಕನ್ವೇಯರ್ ಯಾಕೆ ಶುರುವಾಗಲಿಲ್ಲ

ಒಂದು ಸಣ್ಣ ಕನ್ವೇಯರಿನ ಪ್ಯಾನೆಲ್ ಬಿಚ್ಚಿ ಹೊಸದಾಗಿ ಕಟ್ಟುವ ಕೆಲಸ ಇತ್ತು. ಒಂದೇ ಬಟನ್ ಒತ್ತಿದರೆ ಬೆಲ್ಟ್ ಓಡಬೇಕು, ಮತ್ತೆ ಅದನ್ನೇ ಒತ್ತಿದರೆ ನಿಲ್ಲಬೇಕು. ಎಮರ್ಜೆನ್ಸಿ ಸ್ಟಾಪ್ ಬೇರೆಯೇ ಇದೆ, ಅದು ಪಿಎಲ್‌ಸಿಯನ್ನು ಕೇಳುವುದಿಲ್ಲ, ನೇರವಾಗಿ ಕಾಂಟ್ಯಾಕ್ಟರಿನ ಕಾಯಿಲ್ ಲೈನನ್ನೇ ಕಡಿಯುತ್ತದೆ. ಆ ಭಾಗವನ್ನು ನಾನು ಮುಟ್ಟಲಿಲ್ಲ. ಪಿಎಲ್‌ಸಿ ಮಿತ್ಸುಬಿಷಿಯ ಎಫ್‌ಎಕ್ಸ್ ಕುಟುಂಬದ್ದು, ಬಟನ್ X0ಗೆ, ಕಾಂಟ್ಯಾಕ್ಟರ್ Y0ಗೆ. ಬರೆದದ್ದು ಮೂರೇ ರಂಗ್, ಅಂದರೆ ಲ್ಯಾಡರ್ ಪ್ರೋಗ್ರಾಮಿನ ಮೂರು ಮೆಟ್ಟಿಲು.

```
LD  X0
PLS M0

LD  M0
ANI Y0
SET Y0

LD  M0
AND Y0
RST Y0
```

ಓದಿದರೆ ಸರಿಯಾಗೇ ಇದೆ ಅನ್ನಿಸುತ್ತದೆ, ಅಲ್ವಾ? ಬಟನ್ ಒತ್ತಿದ ಕ್ಷಣ M0 ಒಂದೇ ಒಂದು ಸ್ಕ್ಯಾನ್, ಅಂದರೆ ಪ್ರೋಗ್ರಾಂ ಒಂದು ಸುತ್ತು ಓಡುವಷ್ಟು ಹೊತ್ತು, ಆನ್ ಆಗುತ್ತದೆ. ಆಗ Y0 ಆಫ್ ಇದ್ದರೆ ಆನ್ ಮಾಡು, ಆನ್ ಇದ್ದರೆ ಆಫ್ ಮಾಡು. ಲೋಡ್ ಮಾಡಿ ರನ್‌ಗೆ ಹಾಕಿ ಬಟನ್ ಒತ್ತಿದೆ. ಏನೂ ಆಗಲಿಲ್ಲ. X0 ಎಲ್‌ಇಡಿ ಪ್ರತಿ ಸಲ ಸರಿಯಾಗಿ ಹೊತ್ತಿಕೊಳ್ಳುತ್ತಿತ್ತು. Y0 ಎಲ್‌ಇಡಿ ಮಾತ್ರ ಮಿನುಗಲೂ ಇಲ್ಲ.

ಮೊದಲ ಅನುಮಾನ ವೈರಿಂಗ್ ಮೇಲೆ. ಲ್ಯಾಪ್‌ಟಾಪಿನಿಂದ Y0 ಅನ್ನು ಫೋರ್ಸ್ ಮಾಡಿ ಆನ್ ಮಾಡಿದೆ, ಕಾಂಟ್ಯಾಕ್ಟರ್ ಟಕ್ ಅಂತ ಎಳೆದುಕೊಂಡಿತು, ಬೆಲ್ಟ್ ಓಡಿತು. ಅಂದರೆ ಔಟ್‌ಪುಟ್ ಕಡೆ ಎಲ್ಲ ಸರಿ. ನಿಲ್ಲಿಸಬೇಕಲ್ಲ ಅಂತ ಕೈ ಅಭ್ಯಾಸದಲ್ಲಿ ಬಟನ್ ಒತ್ತಿದೆ, ಬೆಲ್ಟ್ ನಿಂತಿತು! ಮತ್ತೆ ಒತ್ತಿದರೆ ಶುರುವಾಗಲಿಲ್ಲ. ಇದೇ ನನಗೆ ಸಿಕ್ಕ ಒಳ್ಳೆಯ ಸುಳಿವು. ಬಟನ್ ಬರುತ್ತಿದೆ, ಪಲ್ಸ್ ಹುಟ್ಟುತ್ತಿದೆ, ಆಫ್ ಮಾಡುವ ರಂಗ್ ಕೆಲಸ ಮಾಡುತ್ತಿದೆ. ಆನ್ ಮಾಡುವುದು ಮಾತ್ರ ಆಗುತ್ತಿಲ್ಲ.

ಮಾನಿಟರ್ ಮೋಡಿನಲ್ಲಿ ಲ್ಯಾಡರ್ ನೋಡಿದರೆ ಎಲ್ಲ ತಣ್ಣಗೆ ಕೂತಿದೆ, M0 ಕೂಡ ಆನ್ ಆದದ್ದು ಕಾಣುವುದಿಲ್ಲ. ಇಂಥ ತೊಂದರೆಗೆ ಮಾನಿಟರ್ ನಂಬಿ ಕೂತರೆ ಸಮಯ ಹಾಳು. ಅದು ಕೇಬಲ್ ಮೂಲಕ ಆಗೊಮ್ಮೆ ಈಗೊಮ್ಮೆ ಬೆಲೆಗಳನ್ನು ತರುತ್ತದೆ, ತರುವುದೂ ಸ್ಕ್ಯಾನ್ ಮುಗಿದ ಮೇಲಿನ ಬೆಲೆಯನ್ನು. ಸ್ಕ್ಯಾನಿನ ಮಧ್ಯದಲ್ಲಿ ಏನಾಯಿತು ಅಂತ ತಿಳಿಯಬೇಕಾದರೆ ಆ ಮಧ್ಯದಲ್ಲೇ ಒಬ್ಬ ಸಾಕ್ಷಿಯನ್ನು ಕೂರಿಸಬೇಕು. ಹಾಗಾಗಿ SET ರಂಗ್ ಮತ್ತು RST ರಂಗ್ ನಡುವೆ ಇದನ್ನು ಸೇರಿಸಿದೆ:

```
LD  M0
AND Y0
INC D100
```

M0 ಒಂದೇ ಸ್ಕ್ಯಾನ್ ಇರುವುದರಿಂದ ಒಂದು ಒತ್ತಿಗೆ INC ಒಂದೇ ಸಲ ನಡೆಯುತ್ತದೆ. ಐದು ಸಲ ಒತ್ತಿದೆ. D100ರಲ್ಲಿ 5 ಬಂತು. ಅಂದರೆ ಐದು ಸಲವೂ ಪಿಎಲ್‌ಸಿಯ ಮೆಮೊರಿಯಲ್ಲಿ Y0 ಆನ್ ಆಗಿತ್ತು. ಹೊರಗೆ ಟರ್ಮಿನಲ್‌ನಲ್ಲಿ ಒಮ್ಮೆಯೂ ಆಗಿಲ್ಲ.

ಇದು ಯಾಕೆ ಹೀಗೆ ಅಂತ ತಿಳಿಯಲು ಸ್ಕ್ಯಾನ್ ಹೇಗೆ ನಡೆಯುತ್ತದೆ ಅಂತ ನೋಡಬೇಕು. ಪಿಎಲ್‌ಸಿ ಮೊದಲು ಎಲ್ಲ ಇನ್‌ಪುಟ್ ಟರ್ಮಿನಲ್‌ಗಳನ್ನು ಒಂದು ಸಲ ಓದಿ ಒಂದು ಟೇಬಲ್‌ಗೆ ನಕಲು ಮಾಡಿಕೊಳ್ಳುತ್ತದೆ, ಇದೇ ಇನ್‌ಪುಟ್ ಇಮೇಜ್ ಟೇಬಲ್. ಆಮೇಲೆ ಮೇಲಿನ ರಂಗ್‌ನಿಂದ ಕೆಳಗಿನ ರಂಗ್‌ವರೆಗೆ ಒಂದೊಂದಾಗಿ ಲೆಕ್ಕ ಹಾಕುತ್ತಾ ಹೋಗುತ್ತದೆ. END ಬಂದ ಮೇಲೆ ಮೆಮೊರಿಯಲ್ಲಿರುವ Y ಬೆಲೆಗಳನ್ನು ಹೊರಗಿನ ಔಟ್‌ಪುಟ್‌ಗಳಿಗೆ ಕಳಿಸುತ್ತದೆ, ಲ್ಯಾಪ್‌ಟಾಪಿನ ಜೊತೆ ಮಾತಾಡುವುದಿದ್ದರೆ ಮಾತಾಡುತ್ತದೆ, ಮತ್ತೆ ಮೊದಲಿನಿಂದ ಶುರು.

ಇದರಲ್ಲಿ ಸುಲಭವಾಗಿ ಕಣ್ತಪ್ಪಿ ಹೋಗುವ ಸಂಗತಿ ಒಂದಿದೆ. ಲ್ಯಾಡರ್‌ನಲ್ಲಿ X0 ಮತ್ತು Y0 ಎರಡೂ ಒಂದೇ ಥರದ ಕಾಂಟ್ಯಾಕ್ಟ್ ಆಗಿ ಕಾಣುತ್ತವೆ. ಆದರೆ X0 ಒಂದು ಫೋಟೋ ಇದ್ದ ಹಾಗೆ. ಸ್ಕ್ಯಾನ್ ಶುರುವಾದಾಗ ತೆಗೆದದ್ದು, ಆ ಸ್ಕ್ಯಾನ್ ಮುಗಿಯುವ ತನಕ ಬದಲಾಗುವುದಿಲ್ಲ, ಮೊದಲ ರಂಗ್ ಓದಿದರೂ ಕೊನೆಯ ರಂಗ್ ಓದಿದರೂ ಅದೇ ಬೆಲೆ. Y0 ಮತ್ತು M0 ಹಾಗಲ್ಲ. ಅವು ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹಾಗೆ, ಒಂದು ರಂಗ್ ಅಳಿಸಿ ಬರೆದರೆ ಅದರ ಮುಂದಿನ ರಂಗ್ ಓದುವುದೇ ಹೊಸ ಬೆಲೆಯನ್ನು. ಹೊರಗಿನ ಟರ್ಮಿನಲ್ ಮಾತ್ರ END ತನಕ ಕಾಯುತ್ತದೆ.

ಈಗ ನನ್ನ ಮೂರು ರಂಗ್‌ಗಳನ್ನು ಒತ್ತಿದ ಆ ಒಂದು ಸ್ಕ್ಯಾನಿನಲ್ಲಿ ಓಡಿಸಿ ನೋಡೋಣ.

```
            M0   Y0 (memory)
PLS M0      1    0
SET rung    1    1
RST rung    1    0
END         1    0   -> terminal OFF
```

SET ರಂಗ್ ಆನ್ ಮಾಡಿತು, ಮರುಕ್ಷಣವೇ RST ರಂಗ್ "ಓ, M0 ಇದೆ, Y0 ಆನ್ ಇದೆ" ಅಂತ ನೋಡಿ ಆಫ್ ಮಾಡಿತು. END ಬರುವ ಹೊತ್ತಿಗೆ ಎಲ್ಲ ಮೊದಲಿನಂತೆ. ಕಾಂಟ್ಯಾಕ್ಟರಿಗೆ ಇದರ ಸುಳಿವೂ ಸಿಗಲಿಲ್ಲ. ಫೋರ್ಸ್ ಮಾಡಿ ಆನ್ ಮಾಡಿದಾಗ ಬಟನ್ ನಿಲ್ಲಿಸಿದ್ದಕ್ಕೂ ಇದೇ ಕಾರಣ. ಆಗ SET ರಂಗ್‌ಗೆ Y0 ಮೊದಲೇ ಆನ್ ಸಿಕ್ಕಿತು, ಅದು ಸುಮ್ನೆ ದಾಟಿ ಹೋಯಿತು, RST ಒಂದೇ ಕೆಲಸ ಮಾಡಿತು.

ಸರಿ, ಹಾಗಾದರೆ ಎರಡು ರಂಗ್ ಅದಲು ಬದಲು ಮಾಡಿದರೆ? RST ಮೇಲೆ, SET ಕೆಳಗೆ ಇಟ್ಟೆ. ಒತ್ತಿದೆ, ಬೆಲ್ಟ್ ಓಡಿತು. ಒಂದು ಕ್ಷಣ ಖುಷಿಯಾಯಿತು. ಮತ್ತೆ ಒತ್ತಿದೆ, ನಿಲ್ಲಲಿಲ್ಲ. ಎಷ್ಟು ಒತ್ತಿದರೂ ನಿಲ್ಲಲಿಲ್ಲ. ಈಗ RST ಆಫ್ ಮಾಡುತ್ತದೆ, ಅದರ ಕೆಳಗಿನ SET "M0 ಇದೆ, Y0 ಆಫ್ ಇದೆ" ಅಂತ ನೋಡಿ ಮತ್ತೆ ಆನ್ ಮಾಡುತ್ತದೆ. ತಪ್ಪು ಅದೇ, ಬೀಳುವ ದಿಕ್ಕು ಬೇರೆ.

ಇಲ್ಲಿಗೆ ಬಿಡಲು ಮನಸ್ಸಾಗಲಿಲ್ಲ. ಮೂರು ರಂಗ್‌ಗೆ ಆರು ಕ್ರಮ ಇರುತ್ತವೆ, ಆರನ್ನೂ ಪೇಪರಿನಲ್ಲಿ ಬರೆದು ನೋಡಿದೆ, ಆಮೇಲೆ ಒಂದೊಂದನ್ನೇ ಲೋಡ್ ಮಾಡಿಯೂ ನೋಡಿದೆ. PLS ಅನ್ನು ಎಲ್ಲಕ್ಕಿಂತ ಕೆಳಗೆ ಇಟ್ಟರೆ ಪಲ್ಸ್ ಕಳೆದುಹೋಗುತ್ತದೆ ಅಂತ ಹಲವರು ಹೇಳುತ್ತಾರೆ, ಅದು ನಿಜವಲ್ಲ. ಆ ಸ್ಕ್ಯಾನಿನ ಕೊನೆಯಲ್ಲಿ ಹುಟ್ಟಿದ M0 ಮುಂದಿನ ಸ್ಕ್ಯಾನಿನಲ್ಲಿ PLS ರಂಗ್ ಮತ್ತೆ ಬರುವ ತನಕ ಆನ್ ಇರುತ್ತದೆ, ಹಾಗಾಗಿ ಮೇಲಿನ ರಂಗ್‌ಗಳಿಗೆ ಒಂದು ಸ್ಕ್ಯಾನ್ ತಡವಾಗಿ ಆದರೂ ಸಿಕ್ಕೇ ಸಿಗುತ್ತದೆ. ಫಲಿತಾಂಶ ಮಾತ್ರ ಮೊದಲಿನ ಎರಡು ಥರವೇ, ಒಂದು ಕ್ರಮದಲ್ಲಿ ಶುರುವೇ ಆಗದು, ಇನ್ನೊಂದರಲ್ಲಿ ನಿಲ್ಲದು.

ನಿಜವಾಗಿ ಅಪಾಯದ್ದು ಅಂದರೆ PLS ಅನ್ನು ಮಧ್ಯದಲ್ಲಿ ಇಟ್ಟಾಗಿನ ಎರಡು ಕ್ರಮಗಳು. SET ಮೇಲೆ, PLS ಮಧ್ಯ, RST ಕೆಳಗೆ ಅಂತ ಇಟ್ಟೆ ಅಂದುಕೊಳ್ಳಿ. ಬೆಲ್ಟ್ ಓಡುತ್ತಿದೆ, ನಿಲ್ಲಿಸಲು ಒತ್ತಿದಿರಿ. ಮೊದಲ ಸ್ಕ್ಯಾನಿನಲ್ಲಿ SETಗೆ M0 ಇನ್ನೂ ಕಾಣುವುದಿಲ್ಲ, PLS ಈಗ ತಾನೆ M0 ಹುಟ್ಟಿಸುತ್ತದೆ, RST ಅದನ್ನು ನೋಡಿ Y0 ಆಫ್ ಮಾಡುತ್ತದೆ. END ಬಂತು, ಟರ್ಮಿನಲ್ ನಿಜಕ್ಕೂ ಆಫ್ ಆಯಿತು. ಎರಡನೇ ಸ್ಕ್ಯಾನಿನಲ್ಲಿ ಮೇಲಿರುವ SET ಹಳೆಯ M0 ಅನ್ನು ನೋಡುತ್ತದೆ, Y0 ಆಫ್ ಇದೆ, ಮತ್ತೆ ಆನ್. ಆಮೇಲೆ PLS ಬಂದು M0 ಅಳಿಸುತ್ತದೆ. ಅಂದರೆ ಔಟ್‌ಪುಟ್ ಒಂದೇ ಒಂದು ಸ್ಕ್ಯಾನ್ ಹೊತ್ತು ಆಫ್ ಆಗಿ ಮತ್ತೆ ಆನ್ ಆಯಿತು. ಈ ಪಿಎಲ್‌ಸಿಯಲ್ಲಿ D8010 ಈಗಿನ ಸ್ಕ್ಯಾನ್ ಸಮಯವನ್ನು 0.1 ಮಿಲಿಸೆಕೆಂಡ್ ಲೆಕ್ಕದಲ್ಲಿ ತೋರಿಸುತ್ತದೆ, ನನಗೆ ಕಂಡದ್ದು 42, ಅಂದರೆ 4.2 ಮಿಲಿಸೆಕೆಂಡ್. ಯಂತ್ರದ ಉಳಿದ ಹಳೆಯ ಪ್ರೋಗ್ರಾಂ ದೊಡ್ಡದಿದೆ, ಅದಕ್ಕೇ ಇಷ್ಟು. ಕಾಂಟ್ಯಾಕ್ಟರ್ ಅಷ್ಟು ಚಿಕ್ಕ ಬಿಡುವಿಗೆ ಅಲುಗಲೂ ಇಲ್ಲ. ಅದೇ ಟ್ರಾನ್ಸಿಸ್ಟರ್ ಔಟ್‌ಪುಟ್ ಇದ್ದು, ಅದು ಡ್ರೈವ್‌ನಂಥ ಚುರುಕಾದ ಇನ್‌ಪುಟ್‌ಗೆ ಹೋಗಿದ್ದರೆ, ಆ 4 ಮಿಲಿಸೆಕೆಂಡಿನ ಬಿಡುವು ಅದಕ್ಕೆ ಕಾಣಬಹುದು. ಆಗ "ಆಗಾಗ ಒಂದು ಸಲ ಜರ್ಕ್ ಹೊಡೆಯುತ್ತದೆ" ಅನ್ನುವ ದೂರು ಬರುತ್ತದೆ, ಹುಡುಕುವವರು ವಾರಗಟ್ಟಲೆ ವೈರ್ ಎಳೆದು ನೋಡುತ್ತಾರೆ. RST, PLS, SET ಅಂತ ಇಟ್ಟರೆ ಇದು ತಿರುಗಾಮುರುಗಾ, ಔಟ್‌ಪುಟ್ ಒಂದು ಸ್ಕ್ಯಾನ್ ಆನ್ ಆಗಿ ಆಫ್ ಆಗುತ್ತದೆ.

ಆರೂ ಕ್ರಮ ಮುಗಿಯಿತು, ಒಂದೂ ಕೆಲಸ ಮಾಡಲಿಲ್ಲ. ರಂಗ್ ಮೇಲೆ ಕೆಳಗೆ ಮಾಡುತ್ತಾ ಕೂತರೆ ಇದು ಸರಿಹೋಗುವುದಿಲ್ಲ ಅಂತ ಅಲ್ಲಿಗೆ ಖಾತ್ರಿಯಾಯಿತು. ತೊಂದರೆ ಇರುವುದು ಬೇರೆ ಕಡೆ: ಒಂದು ರಂಗ್ Y0 ಬದಲಿಸುತ್ತದೆ, ಇನ್ನೊಂದು ರಂಗ್ ಅದೇ ಪಲ್ಸ್‌ನಲ್ಲಿ, ಬದಲಾದ ಆ Y0 ಅನ್ನೇ ಓದಿ ತೀರ್ಮಾನ ಮಾಡುತ್ತದೆ. ಎರಡೂ ರಂಗ್ ಕೇಳಬೇಕಾದ ಪ್ರಶ್ನೆ "ಬಟನ್ ಒತ್ತುವ ಮೊದಲು Y0 ಹೇಗಿತ್ತು" ಅನ್ನುವುದು. ಆದರೆ ಎರಡನೆಯದಕ್ಕೆ ಸಿಗುವುದು ಈಗಿನ Y0.

ಇನ್‌ಪುಟ್‌ಗಳಿಗೆ ಪಿಎಲ್‌ಸಿ ತಾನೇ ಫೋಟೋ ತೆಗೆದುಕೊಡುತ್ತದೆ. ನಮ್ಮ ಬಿಟ್‌ಗಳಿಗೆ ನಾವೇ ತೆಗೆಯಬೇಕು. ಮೇಲೆ ಒಂದೇ ರಂಗ್:

```
LD  Y0
OUT M1
```

ಇದರ ಕೆಳಗೆ PLS, ಆಮೇಲೆ SET ಮತ್ತು RST ರಂಗ್‌ಗಳಲ್ಲಿ Y0 ಕಾಂಟ್ಯಾಕ್ಟ್ ಬದಲು M1. ಈಗ SET ಮೇಲಿದ್ದರೂ ಸರಿ, RST ಮೇಲಿದ್ದರೂ ಸರಿ, ಬಟನ್ ಸರಿಯಾಗಿ ಕೆಲಸ ಮಾಡುತ್ತದೆ. ಎರಡೂ ಹಳೆಯ ಬೆಲೆಯನ್ನೇ ನೋಡುತ್ತವೆ, ಒಂದಕ್ಕೆ ಮಾತ್ರ ಷರತ್ತು ಹೊಂದುತ್ತದೆ.

ಯಂತ್ರದಲ್ಲಿ ಕೊನೆಗೆ ಉಳಿಸಿದ್ದು ಮಾತ್ರ ಇದನ್ನಲ್ಲ. SET, RST ಎರಡನ್ನೂ ಬಿಟ್ಟು ಒಂದೇ ಕಾಯಿಲ್ ಮಾಡಿದೆ. PLS ರಂಗ್ ಮೇಲೆ ಹಾಗೇ ಇದೆ, ಅದರ ಕೆಳಗೆ:

```
LD  M0
ANI Y0
LDI M0
AND Y0
ORB
AND X2
OUT Y0
```

ಪಲ್ಸ್ ಬಂದಾಗ Y0 ಇಲ್ಲದಿದ್ದರೆ ಆನ್, ಪಲ್ಸ್ ಇಲ್ಲದಾಗ Y0 ಇದ್ದರೆ ಹಾಗೇ ಹಿಡಿದುಕೊ. ಪಲ್ಸ್ ಬಂದಾಗ Y0 ಇದ್ದರೆ ಎರಡೂ ದಾರಿ ಮುಚ್ಚುತ್ತವೆ, ಆಫ್. ಇಲ್ಲಿ Y0 ಓದುವುದು ಎರಡೂ ಸಲ ಬರೆಯುವ ಮೊದಲೇ, ಯಾಕೆಂದರೆ OUT ರಂಗ್‌ನ ಕೊನೆಯಲ್ಲಿದೆ. X2 ಓವರ್‌ಲೋಡ್ ರಿಲೇಯ ಎನ್‌ಸಿ ಕಾಂಟ್ಯಾಕ್ಟ್. ಅದು ತೆರೆದರೆ Y0 ಬೀಳುತ್ತದೆ, ರಿಲೇ ರೀಸೆಟ್ ಮಾಡಿದ ಮೇಲೆ ಬೆಲ್ಟ್ ತಾನಾಗಿ ಓಡುವುದಿಲ್ಲ, ಮತ್ತೆ ಬಟನ್ ಒತ್ತಲೇಬೇಕು. ಇದು ನನಗೆ ಬಹಳ ಮುಖ್ಯ. ಇದೇ ಕುಟುಂಬದಲ್ಲಿ ಈ ಕೆಲಸಕ್ಕೆ ALTP ಅನ್ನುವ ಒಂದೇ ಸಾಲಿನ ಇನ್‌ಸ್ಟ್ರಕ್ಷನ್ ಇದೆ. ಅದು ಚೆನ್ನಾಗೇ ಕೆಲಸ ಮಾಡುತ್ತದೆ, ಆದರೆ ಓವರ್‌ಲೋಡ್‌ಗೆ ಬೇರೆ ರಂಗ್‌ನಲ್ಲಿ ಮತ್ತೆ RST ಹಾಕಬೇಕಾಗುತ್ತದೆ. ಒಂದು ಔಟ್‌ಪುಟ್ ಯಾಕೆ ಆನ್ ಆಯಿತು, ಯಾಕೆ ಆಫ್ ಆಯಿತು ಅನ್ನುವುದಕ್ಕೆ ಒಂದೇ ರಂಗ್ ನೋಡಿದರೆ ಸಾಕು ಅನ್ನುವ ಹಾಗಿದ್ದರೆ ರಾತ್ರಿ ಪಾಳಿಯಲ್ಲಿ ಬರುವವರಿಗೂ ಸುಲಭ.

ಬಟನ್ ಕೆಲಸ ಮುಗಿಯಿತು. ಎಣಿಕೆಯ ಭಾಗದಲ್ಲಿ ಇದೇ ವಿಷಯ ಇನ್ನೊಂದು ಕಡೆಯಿಂದ ಬಂತು.

ಬೆಲ್ಟ್ ಮೇಲೆ ಎತ್ತರದ ಬಾಕ್ಸ್, ಗಿಡ್ಡ ಬಾಕ್ಸ್ ಎರಡೂ ಬರುತ್ತವೆ. X1 ಫೋಟೋ ಸೆನ್ಸರ್ ಯಾವ ಬಾಕ್ಸ್ ಬಂದರೂ ನೋಡುತ್ತದೆ, X3 ಮೇಲೆ ಕೂತಿದೆ, ಎತ್ತರದ್ದನ್ನು ಮಾತ್ರ ನೋಡುತ್ತದೆ. X1 ಆನ್ ಆದ ಕ್ಷಣ M10 ಪಲ್ಸ್. ಆ ಪಲ್ಸ್‌ನಲ್ಲಿ ಒಟ್ಟು ಎಣಿಕೆ D14 ಒಂದು ಏರುತ್ತದೆ, X3 ಇದ್ದರೆ D10 ಏರುತ್ತದೆ. ಇದೆಲ್ಲ ಪ್ರೋಗ್ರಾಮಿನ ಮೇಲಿನ ಭಾಗದಲ್ಲಿ. ಸುಮಾರು ಇಪ್ಪತ್ತು ರಂಗ್ ಕೆಳಗೆ, ಅದೇ M10 ಇದ್ದು X3 ಇಲ್ಲದಿದ್ದರೆ D12 ಏರುತ್ತದೆ. D10 ಮತ್ತು D12 ಕೂಡಿಸಿದರೆ D14 ಬರಲೇಬೇಕು, ಬೇರೆ ದಾರಿಯೇ ಇಲ್ಲ. ಯಾಕೆಂದರೆ ಒಂದು ಸ್ಕ್ಯಾನಿನಲ್ಲಿ X3 ಒಂದೋ ಇದೆ, ಇಲ್ಲವೋ ಇಲ್ಲ.

400 ಬಾಕ್ಸ್ ಓಡಿಸಿದೆ. D14ರಲ್ಲಿ 400, ಇನ್ನೆರಡನ್ನು ಕೂಡಿಸಿದರೆ 397.

ಮೂರು ಬಾಕ್ಸ್ ಎತ್ತರವೂ ಅಲ್ಲ, ಗಿಡ್ಡವೂ ಅಲ್ಲ ಅಂತಾಯಿತು. ಸೆನ್ಸರ್ ತಪ್ಪು ನೋಡಿದ್ದರೆ ಎತ್ತರದ್ದು ಗಿಡ್ಡದ ಲೆಕ್ಕಕ್ಕೆ ಹೋಗುತ್ತಿತ್ತು, ಮೊತ್ತ ಕೆಡುತ್ತಿರಲಿಲ್ಲ. ಮೊತ್ತವೇ ಕೆಟ್ಟಿದೆ ಅಂದರೆ ಒಂದೇ ಸ್ಕ್ಯಾನಿನೊಳಗೆ X3 ಬದಲಾಗಿದೆ ಅಂತಲೇ ಅರ್ಥ. ಯಾರು ಬದಲಿಸಿದರು ಅಂತ ಎರಡು ರಂಗ್‌ಗಳ ನಡುವೆ ಹುಡುಕಿದರೆ ಹಳೆಯ ಪ್ರೋಗ್ರಾಮಿನಲ್ಲಿ ಇದು ಕೂತಿತ್ತು:

```
LD  M8000
REF X0 K8
```

M8000 ರನ್‌ನಲ್ಲಿ ಯಾವಾಗಲೂ ಆನ್ ಇರುವ ಬಿಟ್. REF ಅಂದರೆ END ತನಕ ಕಾಯದೆ ಈಗಲೇ X0ಯಿಂದ X7ವರೆಗೆ ಮತ್ತೆ ಓದು ಅಂತ. ಬಾಕ್ಸ್ ತಳ್ಳುವ ಪುಶರ್ ಇನ್ನೂ ಬೇಗ ಸ್ಪಂದಿಸಲಿ ಅಂತ ಯಾರೋ ಹಾಕಿರಬೇಕು. ಇದರಿಂದ ಪ್ರೋಗ್ರಾಮಿನ ಮೇಲಿನ ಅರ್ಧ ಒಂದು ಫೋಟೋ ನೋಡುತ್ತದೆ, ಕೆಳಗಿನ ಅರ್ಧ ಇನ್ನೊಂದು. ಬಾಕ್ಸಿನ ಮುಂಭಾಗ ಎರಡೂ ಸೆನ್ಸರ್‌ಗಳನ್ನು ಹೆಚ್ಚು ಕಡಿಮೆ ಒಟ್ಟಿಗೇ ದಾಟುತ್ತದೆ. X1 ಮೊದಲ ಫೋಟೋದಲ್ಲಿ ಬಂದು, X3 ಒಂದೆರಡು ಮಿಲಿಸೆಕೆಂಡ್ ತಡವಾಗಿ ಎರಡನೇ ಫೋಟೋದಲ್ಲಿ ಬಂದರೆ, ಮೇಲೆ X3 ಇಲ್ಲ ಅಂತ D10 ಏರಲಿಲ್ಲ, ಕೆಳಗೆ X3 ಇದೆ ಅಂತ D12 ಕೂಡ ಏರಲಿಲ್ಲ.

REF ತೆಗೆದು ಮತ್ತೆ 400 ಓಡಿಸಿದೆ, ಮೊತ್ತ ಸರಿಹೋಯಿತು. ಪುಶರ್ ನಿಧಾನವಾಯಿತಾ ಅಂತ ನೋಡಿದೆ, ಕಣ್ಣಿಗೆ ಕಾಣುವ ವ್ಯತ್ಯಾಸವೇ ಇಲ್ಲ. ಅದಕ್ಕೂ ಕಾರಣ ಇದೆ. ಈ ಪಿಎಲ್‌ಸಿಯ ಇನ್‌ಪುಟ್‌ಗಳಿಗೆ ಒಂದು ಫಿಲ್ಟರ್ ಇದೆ, D8020ರಲ್ಲಿ ಅದರ ಸಮಯ ಇರುತ್ತದೆ, ಮೊದಲಿನಿಂದ ಬರುವ ಬೆಲೆ 10 ಮಿಲಿಸೆಕೆಂಡ್. ಸಿಗ್ನಲ್ ಅಷ್ಟು ಹೊತ್ತು ನಿಲ್ಲದೆ ಒಳಗೆ ಬರುವುದೇ ಇಲ್ಲ, REF ಕೂಡ ಓದುವುದು ಫಿಲ್ಟರ್ ದಾಟಿ ಬಂದದ್ದನ್ನೇ. 4.2 ಮಿಲಿಸೆಕೆಂಡ್ ಸ್ಕ್ಯಾನಿನ ಮಧ್ಯದಲ್ಲಿ ಮತ್ತೆ ಓದಿ ಗಳಿಸಿದ್ದು ಒಂದೆರಡು ಮಿಲಿಸೆಕೆಂಡ್, ಬಾಗಿಲಲ್ಲೇ 10 ಹೋಗುತ್ತಿತ್ತು. ಹಾಗಂತ ಫಿಲ್ಟರ್ ಇಳಿಸಲೂ ಯೋಚಿಸಬೇಕು. ಒಮ್ಮೆ 1ಕ್ಕೆ ಇಳಿಸಿ ನೋಡಿದೆ, X0 ಬಟನ್‌ನ ಕಾಂಟ್ಯಾಕ್ಟ್ ಕುಪ್ಪಳಿಸುವುದೆಲ್ಲ ಒಳಗೆ ಬಂದು ಒಂದು ಒತ್ತಿಗೆ ಬೆಲ್ಟ್ ಓಡಿ ತಕ್ಷಣ ನಿಂತಿತು. ಮತ್ತೆ 10ಕ್ಕೆ ತಂದೆ. ನಿಜಕ್ಕೂ ಕೆಲವೇ ಮಿಲಿಸೆಕೆಂಡಿನ ಪಲ್ಸ್ ಹಿಡಿಯಬೇಕಿದ್ದರೆ ಅದಕ್ಕೆ ಹೈ ಸ್ಪೀಡ್ ಕೌಂಟರ್ ಇದೆ, C235 X0 ಮೇಲೆ ಸ್ಕ್ಯಾನ್‌ಗೆ ಕಾಯದೆ ಎಣಿಸುತ್ತದೆ.

ಒಂದು ಮಾತು ಮಾತ್ರ ಹೇಳಲೇಬೇಕು. REF ತೆಗೆದದ್ದರಿಂದ ಮೊತ್ತ ಸರಿಹೋಯಿತು, ವಿಂಗಡಣೆ ಸರಿಹೋಗಲಿಲ್ಲ. X3 ಒಂದು ಸ್ಕ್ಯಾನ್ ತಡವಾಗಿ ಬಂದ ಎತ್ತರದ ಬಾಕ್ಸ್ ಈಗ ಕಳೆದುಹೋಗುವುದಿಲ್ಲ, ಗಿಡ್ಡದ ಲೆಕ್ಕಕ್ಕೆ ಸೇರುತ್ತದೆ. ಅದು ಸ್ಕ್ಯಾನಿನ ತಪ್ಪಲ್ಲ, ಬಾಕ್ಸಿನ ಅಂಚಿನಲ್ಲೇ ತೀರ್ಮಾನ ಮಾಡುವುದರ ತಪ್ಪು. ಬಾಕ್ಸ್ 200 ಮಿಲಿಮೀಟರ್ ಉದ್ದ, ಬೆಲ್ಟ್ ಸೆಕೆಂಡಿಗೆ 300 ಮಿಲಿಮೀಟರ್, ಅಂದರೆ ಬಾಕ್ಸ್ ಸೆನ್ಸರ್ ಮುಂದೆ ಸುಮಾರು 670 ಮಿಲಿಸೆಕೆಂಡ್ ಇರುತ್ತದೆ. ಹಾಗಾಗಿ X1 ಆನ್ ಆದ 100 ಮಿಲಿಸೆಕೆಂಡ್ ಮೇಲೆ M10 ಹುಟ್ಟುವ ಹಾಗೆ ಮಾಡಿದೆ:

```
LD  X1
OUT T200 K10
LD  T200
PLS M10
LD  X3
OUT M20
```

T200 ಇಲ್ಲಿ 10 ಮಿಲಿಸೆಕೆಂಡ್ ಲೆಕ್ಕದ ಟೈಮರ್, ಹಾಗಾಗಿ K10. ಅಷ್ಟು ಹೊತ್ತಿಗೆ ಬಾಕ್ಸಿನ 30 ಮಿಲಿಮೀಟರ್ ಒಳಗೆ ಬಂದಿರುತ್ತದೆ, X3 ಗಟ್ಟಿಯಾಗಿ ನಿಂತಿರುತ್ತದೆ. ಕೆಳಗಿನ ಎಣಿಕೆ ರಂಗ್‌ಗಳಲ್ಲಿ X3 ಎಲ್ಲಿದ್ದರೂ M20 ಮಾಡಿದೆ. REF ತೆಗೆದ ಮೇಲೆ M20 ಬೇಕಿಲ್ಲ, ನಿಜ. ಆದರೂ ಇಟ್ಟೆ. ನಾಳೆ ಯಾರಾದರೂ ಮಧ್ಯದಲ್ಲಿ ಮತ್ತೆ REF ಹಾಕಿದರೂ ಎಣಿಕೆ ಕೆಡುವುದಿಲ್ಲ.

ಇದೇ ಪ್ರೋಗ್ರಾಂ ಬೇರೆ ಪಿಎಲ್‌ಸಿಗೆ ಸಾಗಿಸಿದರೂ ಇದು ಉಪಯೋಗಕ್ಕೆ ಬರುತ್ತದೆ. ಸೀಮೆನ್ಸ್ ಎಸ್7-1200ನಲ್ಲಿ ಸಾಮಾನ್ಯವಾಗಿ `%I0.3` ಅಂತ ಓದಿದರೆ ಫೋಟೋದಿಂದ ಬರುತ್ತದೆ, `%I0.3:P` ಅಂತ ಬರೆದರೆ ನೇರ ಟರ್ಮಿನಲ್‌ನಿಂದ. ಎರಡನ್ನೂ ಒಂದೇ ಪ್ರೋಗ್ರಾಮಿನಲ್ಲಿ ಬೆರೆಸಿದರೆ ನನ್ನ 397 ಅಲ್ಲೂ ಬರುತ್ತದೆ. ಕಂಟ್ರೋಲ್‌ಲಾಜಿಕ್ಸ್‌ನಲ್ಲಿ ಇನ್‌ಪುಟ್ ಟ್ಯಾಗ್‌ಗಳು ಸ್ಕ್ಯಾನ್ ಜೊತೆ ಕಟ್ಟಿಕೊಂಡಿಲ್ಲ, ಪ್ರೋಗ್ರಾಂ ಓಡುತ್ತಿರುವಾಗಲೇ ಬದಲಾಗಬಹುದು. ಅಲ್ಲಿ ಎಲ್ಲ ಇನ್‌ಪುಟ್‌ಗಳನ್ನು ಮೊದಲ ರೂಟೀನ್‌ನಲ್ಲೇ ಒಳಗಿನ ಬಿಟ್‌ಗಳಿಗೆ ನಕಲು ಮಾಡಿಕೊಂಡು ಆಮೇಲೆ ಅವನ್ನೇ ಬಳಸುವುದು ರೂಢಿ, ಅಂದರೆ ನನ್ನ M20ಯನ್ನೇ ಎಲ್ಲ ಇನ್‌ಪುಟ್‌ಗೂ ಮಾಡುವುದು.

ಕೊನೆಯ ಪರೀಕ್ಷೆಯಲ್ಲಿ ಬಟನ್ 50 ಸಲ ಒತ್ತಿದೆ, 25 ಸಲ ಓಡಿತು, 25 ಸಲ ನಿಂತಿತು. D100ರ ಸಾಕ್ಷಿ ರಂಗ್ ತೆಗೆದೆ. ಮೊತ್ತ ಹೋಲಿಸಿ ನೋಡುವ ಒಂದು ರಂಗ್ ಮಾತ್ರ END ಮುಂಚೆ ಬಿಟ್ಟಿದ್ದೇನೆ. D10 ಮತ್ತು D12ರ ಮೊತ್ತ D14ಗೆ ಸಮ ಇಲ್ಲದಿದ್ದರೆ ಪ್ಯಾನೆಲ್‌ನ ಹಳದಿ ದೀಪ ಹೊತ್ತುತ್ತದೆ.